ಶುಲ್ಕ ರಿಯಾಯಿತಿಯ ವಿಜ್ಞಾಪನೆ

ಕೃಷ್ಣೆ ಮತ್ತು ಪಂಚಗಂಗೆಯರ ಸಂಗಮದ ಸಮೀಪದಲ್ಲಿರುವ ಕುರುಂದವಾಡಕ್ಕೆ ಮಹಾಪೂರ ಹೊಸದಲ್ಲ. 2019ರ ಆಗಸ್ಟಿನಲ್ಲಿ ಶಿರೋಳ ತಾಲೂಕಿನ ಕಬ್ಬು ದಿನಗಟ್ಟಲೆ ನೀರಿನಡಿಯಲ್ಲಿತ್ತು. ಸುಳಿ ಮುಳುಗಿದ ಕಬ್ಬು ಒಳಗಿನಿಂದಲೇ ಕೊಳೆಯುತ್ತದೆ. ನೀರಿಳಿದ ಮೇಲೆ ನಿಂತಂತೆ ಕಂಡರೂ ತೂಕ ಬರುವುದಿಲ್ಲ. ಅಂಥ ವರ್ಷದಲ್ಲಿ ಅನುದಾನರಹಿತ ಶಾಲೆಯೊಂದಕ್ಕೆ ರೈತ ಪಾಲಕರು ಬರೆಯುವ ವಿಜ್ಞಾಪನೆ ಹೇಗಿರಬೇಕು?

ಹೆಚ್ಚಿನ ಅರ್ಜಿಗಳು ಎಡವುವುದು ವರ್ಷದ ಲೆಕ್ಕದಲ್ಲಿ. ತಹಶೀಲ್ದಾರ ಕಚೇರಿಯ ಉತ್ಪನ್ನದ ದಾಖಲೆ ಕಳೆದ ಆರ್ಥಿಕ ವರ್ಷದ್ದು. 2019ರ ಸೆಪ್ಟೆಂಬರಿನಲ್ಲಿ ಪಡೆದ ದಾಖಲೆ 2018-19ರ ಆದಾಯವನ್ನು ತೋರಿಸುತ್ತದೆ. ಅಂದರೆ ಬೆಳೆ ಚೆನ್ನಾಗಿದ್ದ ವರ್ಷವನ್ನು. ಅದೊಂದನ್ನೇ ಲಗತ್ತಿಸಿದವರು ತಮ್ಮ ಮಾತನ್ನು ತಾವೇ ಅಲ್ಲಗಳೆದಂತಾಗುತ್ತದೆ. ನಷ್ಟಕ್ಕೆ ಸಾಕ್ಷಿ ಬೆಳೆಹಾನಿಯ ಪಂಚನಾಮೆಯೇ. ತಲಾಠಿ, ಗ್ರಾಮಸೇವಕ, ಕೃಷಿ ಸಹಾಯಕರು ಸ್ಥಳ ನೋಡಿ ಬರೆದ ಅದರಲ್ಲಿಯ ಗಟ್ ನಂಬರ ಸಾತ್‌ಬಾರಾ ಉತಾರೆಯ ನಂಬರಿಗೆ ತಾಳೆಯಾಗಬೇಕು. ಉತಾರೆ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ, ಅವರು ವಿದ್ಯಾರ್ಥಿಗೆ ಏನಾಗಬೇಕೆಂಬುದನ್ನು ಪಡಿತರ ಚೀಟಿಯ ಪ್ರತಿಯೊಡನೆ ಒಂದು ವಾಕ್ಯದಲ್ಲಿ ತಿಳಿಸಬೇಕು. ಮರಾಠಿ ದಾಖಲೆಯ ಅಡ್ಡಹೆಸರು ಶಾಲೆಯ ದಾಖಲಾತಿಯಲ್ಲಿ ಬೇರೆ ರೀತಿ ಬರೆದಿದ್ದರೆ ಅದನ್ನೂ ಮುಚ್ಚಿಡಬಾರದು.

ಉದಾಹರಣೆಗೆ, ವಾರ್ಷಿಕ ಶುಲ್ಕ 9,600 ರೂಪಾಯಿ. ಜೂನ್‌ನಲ್ಲಿ 2,400 ಕಟ್ಟಿಯಾಗಿದೆ ಎಂದಿಟ್ಟುಕೊಂಡರೆ, ಪತ್ರದ ಒಡಲು ಹೀಗಿರಬಹುದು:

“ಮಾನ್ಯ ಮುಖ್ಯಾಧ್ಯಾಪಕರಿಗೆ, ಸವಿನಯ ವಿಜ್ಞಾಪನೆ. ನನ್ನ ಮಗಳು ತಮ್ಮ ಶಾಲೆಯ 8ನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ನಮ್ಮ 30 ಗುಂಟೆ ಕಬ್ಬಿನಲ್ಲಿ 22 ಗುಂಟೆ ಮಹಾಪೂರದಲ್ಲಿ ಹಾಳಾಗಿದೆ. ಲಗತ್ತಿಸಿದ ಉತ್ಪನ್ನದ ದಾಖಲೆ ಮಹಾಪೂರಕ್ಕೆ ಮುಂಚಿನ ವರ್ಷದ್ದು. ಈ ವರ್ಷದ ಸ್ಥಿತಿಯನ್ನು ಪಂಚನಾಮೆಯಲ್ಲಿ ಕಾಣಬಹುದು. ಎಮ್ಮೆಯ ಹಾಲಿನಿಂದ ಮನೆಖರ್ಚು ಸಾಗುತ್ತಿದೆ. ಬಾಕಿ 7,200 ರೂಪಾಯಿಗಳಲ್ಲಿ ಅರ್ಧದಷ್ಟು ರಿಯಾಯಿತಿಯನ್ನು ಈ ಒಂದು ವರ್ಷಕ್ಕೆ ಕೋರುತ್ತೇನೆ. ಉಳಿದ 3,600ನ್ನು ಜನವರಿ ಮತ್ತು ಮಾರ್ಚ್‌ನಲ್ಲಿ 1,800ರಂತೆ ಕಟ್ಟುತ್ತೇನೆ.”

ಹಾಲಿನ ಆದಾಯವನ್ನು ಹೇಳಿದ್ದರಿಂದ ಕೋರಿಕೆ ದುರ್ಬಲವಾಗಲಿಲ್ಲ. ಕಂತು ಎಲ್ಲಿಂದ ಬರುವುದೆಂಬ ಪ್ರಶ್ನೆಗೆ ಅದೇ ಉತ್ತರವಾಯಿತು. ಗೋಳಾಟ ಒಂದು ಸಾಲೂ ಇಲ್ಲ. ಮಗಳ ಅಂಕಗಳ ಪ್ರಸ್ತಾಪವೂ ಇಲ್ಲ, ಏಕೆಂದರೆ ಕೇಳುತ್ತಿರುವುದು ಬಹುಮಾನವಲ್ಲ.

ಇಂಥ ಶಾಲೆಗಳಲ್ಲಿ ಶುಲ್ಕ ಬಿಡುವ ಅಧಿಕಾರ ಸಾಮಾನ್ಯವಾಗಿ ಆಡಳಿತ ಮಂಡಳಿಯದು. ಆದ್ದರಿಂದ ಪತ್ರವನ್ನು ಮಂಡಳಿಯ ಮುಂದಿಡುವಂತೆ ಕೊನೆಯಲ್ಲಿ ಕೋರುವುದು ಲೇಸು. ದಾಖಲೆಗಳ ಸಹಿ ಮಾಡಿದ ನಕಲುಗಳನ್ನಷ್ಟೇ ಕೊಟ್ಟು ಮೂಲಪ್ರತಿಗಳನ್ನು ತೋರಿಸಿ ಹಿಂದಕ್ಕೆ ಪಡೆಯಬೇಕು. ತಮ್ಮಲ್ಲಿ ಉಳಿಯುವ ಪ್ರತಿಯ ಮೇಲೆ ಶಾಲೆಯ ಆವಕ ಕ್ರಮಾಂಕ ಹಾಗೂ ದಿನಾಂಕವನ್ನು ಹಾಕಿಸಿಕೊಂಡರೆ, ಕಂತಿನ ದಿನ ಬಂದಾಗ ಗುಮಾಸ್ತರು ಬದಲಾಗಿದ್ದರೂ ತೊಂದರೆಯಿಲ್ಲ.