‘ಹೊಂಬಣ್ಣ ಬರುವವರೆಗೆ ಕರಿಯಿರಿ’ ಅನ್ನೋ ಸುಳ್ಳು

ಅಡುಗೆ ಪುಸ್ತಕಗಳಲ್ಲಿ, ಯೂಟ್ಯೂಬ್ ಅಡುಗೆಮನೆಗಳಲ್ಲಿ ಅತಿ ಹೆಚ್ಚು ಓಡಾಡುವ ಬೇಜವಾಬ್ದಾರಿ ವಾಕ್ಯ ಯಾವುದು ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಸಿದ್ಧವಾಗಿದೆ: ‘ಹೊಂಬಣ್ಣ ಬರುವವರೆಗೆ ಕರಿಯಿರಿ.’ ಬಜ್ಜಿಗೆ ಸರಿ, ಹಪ್ಪಳಕ್ಕೆ ಸರಿ. ಆದರೆ ಸ್ಕಾಚ್ ಎಗ್ ಅನ್ನೋ ತಿಂಡಿಗೆ ಈ ವಾಕ್ಯ ಬರೆದವರನ್ನು ಕೂರಿಸಿಕೊಂಡು ಕೇಳಬೇಕು: ಸ್ವಾಮಿ, ಬಣ್ಣ ಬರೋದು ಹೊರಗಿನ ಬ್ರೆಡ್ ಪುಡಿಗೆ, ಒಳಗಿರೋ ಕೈಮಾ ಕಥೆ ಏನು?

ಗೊತ್ತಿಲ್ಲದವರಿಗೆ ಒಂದು ಮಾತು. ಬೇಯಿಸಿದ ಮೊಟ್ಟೆಯ ಸುತ್ತ ಮಸಾಲೆ ಕಲಸಿದ ಕೈಮಾ ಮೆತ್ತಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ, ಎಣ್ಣೆಯಲ್ಲಿ ಕರಿದರೆ ಸ್ಕಾಚ್ ಎಗ್. ಹೆಸರಲ್ಲಿ ಸ್ಕಾಟ್ಲೆಂಡ್ ಇದ್ದರೂ ಇದು ಇಂಗ್ಲೆಂಡಿನ ಪಬ್ಬುಗಳ, ಪಿಕ್ನಿಕ್ ಬುಟ್ಟಿಗಳ ತಿಂಡಿ. ಲಂಡನ್ನಿನ ಫೋರ್ಟ್‌ನಮ್ ಅಂಡ್ ಮೇಸನ್ ಅಂಗಡಿಯವರು 1738ರಲ್ಲಿ ನಾವೇ ಕಂಡುಹಿಡಿದದ್ದು ಅಂತಾರೆ. ಇನ್ನು ಕೆಲವರು ಇದು ನಮ್ಮ ನರ್ಗಿಸಿ ಕೋಫ್ತಾದ ಸಂತಾನ ಅಂತಾರೆ. 2020ರ ಕೊನೆಯಲ್ಲಂತೂ, ಊಟದ ಜೊತೆ ಮಾತ್ರ ಪಬ್ಬಿನಲ್ಲಿ ಮದ್ಯ ಕೊಡಬೇಕು ಅನ್ನೋ ಕೋವಿಡ್ ನಿಯಮ ಬಂದಾಗ, ಒಂದು ಸ್ಕಾಚ್ ಎಗ್ ‘ಊಟ’ ಹೌದೋ ಅಲ್ಲವೋ ಅಂತ ಬ್ರಿಟನ್ನಿನ ಮಂತ್ರಿಗಳೇ ಚರ್ಚೆಗೆ ಇಳಿದರು. ಇಷ್ಟೆಲ್ಲ ಜಗಳ ಆಡಿದ ಜನ ಒಂದು ವಿಷಯ ಮಾತ್ರ ಮಾತಾಡಲಿಲ್ಲ. ಅದನ್ನು ಸರಿಯಾಗಿ ಬೇಯಿಸೋದು ಹೇಗೆ?

ಇದು ಯಾಕೆ ಕಷ್ಟ ಅಂತ ಮೊದಲು ನೋಡೋಣ. ಕೈಮಾ 75 ಡಿಗ್ರಿ ಮುಟ್ಟಬೇಕು. ಇಡೀ ಮಾಂಸದ ತುಂಡಿನಲ್ಲಿ ರೋಗಾಣು ಇರೋದು ಹೆಚ್ಚಾಗಿ ಮೇಲ್ಮೈಯಲ್ಲಿ. ಅರೆದ ಕೂಡಲೇ ಆ ಮೇಲ್ಮೈ ಒಳಗೆಲ್ಲ ಸೇರಿಹೋಗುತ್ತೆ. ಹಾಗಾಗಿ ಕೈಮಾ ಒಳಗೆ ಕೆಂಪಗೆ ಉಳಿದರೆ ಅದು ರುಚಿಯ ಪ್ರಶ್ನೆಯಲ್ಲ, ಹೊಟ್ಟೆಯ ಪ್ರಶ್ನೆ. ಇತ್ತ ಮೊಟ್ಟೆಯ ಹಳದಿ ಸುಮಾರು 65 ಡಿಗ್ರಿಗೆ ಗಟ್ಟಿಯಾಗಲು ಶುರು ಮಾಡಿ, 70 ದಾಟಿದ ಮೇಲೆ ಪೂರ್ತಿ ಬಿಗಿಯುತ್ತೆ. ಅಂದರೆ ಒಂದೇ ಉಂಡೆಯೊಳಗೆ ಹೊರಪದರ 75 ಮುಟ್ಟಬೇಕು, ನಡುಭಾಗ 65ರ ಆಸುಪಾಸಿನಲ್ಲೇ ನಿಲ್ಲಬೇಕು. ನಡುವೆ ಕಾವಲಿಗಿರೋದು ಮೊಟ್ಟೆಯ ಬಿಳಿ ಮಾತ್ರ.

ಇಷ್ಟು ಗೊತ್ತಿದ್ದ ಮೇಲೂ ಬಹುತೇಕ ರೆಸಿಪಿಗಳು ಹೇಳೋದೇನು? ‘ಮೊಟ್ಟೆಯನ್ನು ಹತ್ತು ಹನ್ನೆರಡು ನಿಮಿಷ ಬೇಯಿಸಿ, ಕೈಮಾ ಸುತ್ತಿ, ಹೊಂಬಣ್ಣ ಬರುವವರೆಗೆ ಕರಿಯಿರಿ.’ ನೀರಲ್ಲೇ ಪೂರ್ತಿ ಬೆಂದ ಹಳದಿಯನ್ನು ಮತ್ತೆ ಎಣ್ಣೆಗೆ ತಳ್ಳೋದು. ಕೊಯ್ದರೆ ಸೀಮೆಸುಣ್ಣದ ಥರ ಉದುರುವ ಹಳದಿ, ಅದರ ಸುತ್ತ ಬೂದು ಹಸಿರಿನ ಒಂದು ಉಂಗುರ. ಆ ಉಂಗುರ ಮೊಟ್ಟೆ ಹಳೆಯದು ಅನ್ನೋದರ ಗುರುತಲ್ಲ. ಬಿಳಿಯಲ್ಲಿರೋ ಗಂಧಕ ಕಾವಿಗೆ ಅನಿಲವಾಗಿ, ಹಳದಿಯ ಕಬ್ಬಿಣದ ಜೊತೆ ಸೇರಿ ಆಗೋ ಬಣ್ಣ ಅದು. ಅತಿಯಾಗಿ ಬೇಯಿಸಿದ್ದೀರಿ ಅಂತ ಮೊಟ್ಟೆಯೇ ಬರೆದುಕೊಟ್ಟ ರಸೀದಿ.

ಈ ಹತ್ತು ನಿಮಿಷದ ಲೆಕ್ಕ ನರ್ಗಿಸಿ ಕೋಫ್ತಾದಿಂದ ಎರವಲು ಬಂದಿದೆ ಅಂತ ನನ್ನ ಗುಮಾನಿ. ಅಲ್ಲಿ ಅದು ಸರಿಯೇ. ಆ ಕೋಫ್ತಾವನ್ನು ಎರಡು ಹೋಳು ಮಾಡಿ ಗ್ರೇವಿಯಲ್ಲಿ ಇಡಬೇಕು, ಹಳದಿ ಗಟ್ಟಿ ಇಲ್ಲದಿದ್ದರೆ ಸಾರಿಗೆ ಕರಗಿ ಹೋಗುತ್ತೆ. ಬಟ್ಟಲಿನ ಸಾರಿಗೆ ಹಾಕಿದ ನಿಯಮವನ್ನು ಕೈಯಲ್ಲಿ ಹಿಡಿದು ತಿನ್ನೋ ತಿಂಡಿಗೆ ಹಚ್ಚಿದ್ದು ತಪ್ಪು.

ಇನ್ನೊಂದು ಪಂಗಡ ಇದೆ, ಇವರು ಇನ್ನೂ ಅಪಾಯಕಾರಿ. ಫೋಟೋದಲ್ಲಿ ಹಳದಿ ಜೇನಿನ ಥರ ಸುರಿಯಬೇಕು, ಅಷ್ಟೇ ಇವರಿಗೆ ಬೇಕಾಗಿರೋದು. ಆ ಫೋಟೋಗಳನ್ನು ದೊಡ್ಡದು ಮಾಡಿ, ಹಳದಿ ಬಿಟ್ಟು ಬಿಳಿಗೆ ಅಂಟಿಕೊಂಡಿರೋ ಕೈಮಾ ನೋಡಿ. ಎಷ್ಟೋ ಕಡೆ ಅದು ನಸುಗೆಂಪು. ಹೊರಗೆ ಮಾತ್ರ ಒಳ್ಳೇ ಹೊಂಬಣ್ಣ!

ಇಂಗ್ಲೆಂಡಿನಲ್ಲಿ ಎರಡು ವರ್ಷ ಪ್ರಾಜೆಕ್ಟ್ ಮೇಲೆ ಇದ್ದಾಗ ನಮ್ಮ ಬಾಡಿಗೆ ಮನೆಯಲ್ಲಿ ಇದೇ ವಾದ ನಡೆಯಿತು. ನಮ್ಮ ಜೊತೆಗಿದ್ದ ಮಂಡ್ಯದ ಗೆಳೆಯನದು ಒಂದೇ ಮಾತು: ‘ಜಾಸ್ತಿ ಬೇಯ್ಸಿದ್ರೆ ಸೇಫು ಕಣಪ್ಪ.’ ಸರಿ, ಪರೀಕ್ಷೆ ಮಾಡೋಣ ಅಂದೆ. ಸಾಫ್ಟ್‌ವೇರ್ ಮಂದಿಗೆ ಅಭ್ಯಾಸ ಇರೋ ಹಾಗೆ, ಎರಡು ಸಂಗತಿ ಬದಲಾಯಿಸಿ ಉಳಿದದ್ದೆಲ್ಲ ಒಂದೇ ಇಟ್ಟೆವು. ಫ್ರಿಜ್ಜಿನಿಂದ ತೆಗೆದ ನಾಲ್ಕು ಮೊಟ್ಟೆ. ಎರಡನ್ನು ಕುದಿಯೋ ನೀರಲ್ಲಿ 6 ನಿಮಿಷ, ಎರಡನ್ನು 10 ನಿಮಿಷ ಬೇಯಿಸಿ, ತಕ್ಷಣ ಐಸ್ ನೀರಿಗೆ ಹಾಕಿದೆವು. ಪ್ರತಿ ಜೋಡಿಯಲ್ಲಿ ಒಂದಕ್ಕೆ 60 ಗ್ರಾಂ ಕುರಿ ಕೈಮಾ, ಇನ್ನೊಂದಕ್ಕೆ 120 ಗ್ರಾಂ. ಎಲ್ಲವನ್ನೂ ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, 165 ಡಿಗ್ರಿ ಎಣ್ಣೆಯಲ್ಲಿ 8 ನಿಮಿಷ ಕರಿದು, 3 ನಿಮಿಷ ಆರಲು ಬಿಟ್ಟೆವು.

ಹೊರಗಿಂದ ನೋಡಿದರೆ ನಾಲ್ಕಕ್ಕೂ ಒಂದೇ ಹೊಂಬಣ್ಣ, ಯಾವುದು ಯಾವುದು ಅಂತ ಹೇಳಲು ಸಾಧ್ಯವಿರಲಿಲ್ಲ. ಕೊಯ್ದಾಗ ಮಾತ್ರ ನಾಲ್ಕು ಬೇರೆ ಬೇರೆ ತಿಂಡಿ. 6 ನಿಮಿಷ, 60 ಗ್ರಾಂ ಆಗಿದ್ದರಲ್ಲಿ ಕೈಮಾ 76 ಡಿಗ್ರಿ, ಹಳದಿ ಗಟ್ಟಿ ಜಾಮ್‌ನಂತೆ. 10 ನಿಮಿಷ, 60 ಗ್ರಾಂ ಆಗಿದ್ದರಲ್ಲಿ ಕೈಮಾ ಬೆಂದಿತ್ತು, ಹಳದಿ ಪುಡಿಪುಡಿ, ಸುತ್ತ ಉಂಗುರ. 120 ಗ್ರಾಮಿನ ಎರಡರಲ್ಲೂ ಮೊಟ್ಟೆಗೆ ತಾಗಿದ ಕಡೆ ಕೈಮಾ 50ರ ಆಸುಪಾಸು, ಹಸಿ. ಅದರಲ್ಲೂ 10 ನಿಮಿಷದ್ದು ನೋಡಬೇಕಿತ್ತು: ಹಳದಿ ಕಲ್ಲಾಗಿದೆ, ಕೈಮಾ ಹಸಿಯಾಗಿದೆ! ಮೊಟ್ಟೆ ಜಾಸ್ತಿ ಬೇಯಿಸಿದರೆ ಸೇಫ್ ಅನ್ನೋ ವಾದ ಅಲ್ಲೇ ಬಿತ್ತು. ನೀರಲ್ಲಿ ಮೊಟ್ಟೆ ಬೆಂದ ಪುಣ್ಯ ಆಮೇಲೆ ಸುತ್ತಿದ ಕೈಮಾಗೆ ಹೇಗೆ ಬರುತ್ತೆ ಹೇಳಿ?

ಇಲ್ಲಿ ಮುಖ್ಯವಾದದ್ದು ಕೈಮಾದ ದಪ್ಪ. 50 ಗ್ರಾಮಿನ ಸುಲಿದ ಮೊಟ್ಟೆಗೆ 60 ಗ್ರಾಂ ಕೈಮಾ ಸುತ್ತಿದರೆ ಪದರ ಸುಮಾರು 7 ಮಿಲಿಮೀಟರ್. 120 ಗ್ರಾಂ ಸುತ್ತಿದರೆ 11 ಮಿಲಿಮೀಟರ್. ನಾಲ್ಕೇ ಮಿಲಿಮೀಟರ್ ತಾನೆ ಅನ್ನಬೇಡಿ. ಕಾವು ಒಳಗೆ ಇಳಿಯಲು ಬೇಕಾದ ಸಮಯ ದಪ್ಪದ ವರ್ಗದ ಲೆಕ್ಕದಲ್ಲಿ ಏರುತ್ತೆ. ದಪ್ಪ ಒಂದೂವರೆ ಪಟ್ಟು ಆದರೆ ಸಮಯ ಎರಡು ಪಟ್ಟಿಗೂ ಹೆಚ್ಚು. ದಪ್ಪ ಪದರ ಬೇಯಲೇಬೇಕು ಅಂತ ಹದಿನೈದು ಹದಿನೆಂಟು ನಿಮಿಷ ಕರಿದರೆ ಹೊರಗೆ ಕಪ್ಪಾಗುತ್ತೆ, ಅಷ್ಟು ಹೊತ್ತಿಗೆ ಕಾವು ಬಿಳಿಯನ್ನೂ ದಾಟಿ ಹಳದಿಯನ್ನು ಹಿಡಿಯುತ್ತೆ. ಪದರ ತೆಳುವಾಗಿದ್ದರೆ ಕೈಮಾ ಬೆಂದಾಗ ಹಳದಿಗೆ ಇನ್ನೂ ಹೆಚ್ಚು ಬಿಸಿ ತಟ್ಟಿರಲ್ಲ. ‘ಧಾರಾಳವಾಗಿ ಕೈಮಾ ಹಾಕಿ’ ಅನ್ನೋ ಸಲಹೆ ನನಗೆ ಸಿಟ್ಟು ತರಿಸೋದು ಇದಕ್ಕೇ. ಇಲ್ಲಿ ಧಾರಾಳತನವೇ ಶತ್ರು. ತಕ್ಕಡಿ ಇಟ್ಟು ತೂಗಿ.

‘ನಮ್ಮವ್ವ ಯಾವ ತಕ್ಕಡಿ, ಥರ್ಮಾಮೀಟರ್ ಇಟ್ಟುಕೊಂಡು ಅಡುಗೆ ಮಾಡಿದ್ದಳು?’ ಅಂತ ಕೇಳೋರು ಇದ್ದೇ ಇರ್ತಾರೆ. ನಮ್ಮವ್ವನೂ ಇಟ್ಟುಕೊಂಡಿಲ್ಲ. ಹಬ್ಬದ ಮಾರನೇ ದಿನ ಅವಳು ಮಾಡೋ ಕೈಮಾ ಉಂಡೆ ಸಾರಿಗೆ ಕಣ್ಣಳತೆ ಸಾಕು, ಯಾಕಂದ್ರೆ ಅದನ್ನು ಅವಳು ಮೂವತ್ತು ವರ್ಷದಿಂದ ಮಾಡ್ತಿದ್ದಾಳೆ. ಅದಕ್ಕಿಂತ ಮುಖ್ಯ, ಆ ಉಂಡೆ ಕುದಿಯೋ ಸಾರಲ್ಲಿ ಅರ್ಧ ಗಂಟೆ ಇದ್ದರೂ ಕೆಡಲ್ಲ. ತಪ್ಪನ್ನು ಸಾರು ಮನ್ನಿಸುತ್ತೆ, ಎಣ್ಣೆ ಮನ್ನಿಸಲ್ಲ. ವರ್ಷಕ್ಕೆ ಎರಡು ಸಲ ಮಾಡೋ ತಿಂಡಿಗೆ ಕಣ್ಣಳತೆ ಎಲ್ಲಿಂದ ಬರಬೇಕು?

ಹಾಗಾದರೆ ಸರಿಯಾದ ದಾರಿ ಇದು. ಮೊಟ್ಟೆ ಒಂದು ವಾರ ಹಳೆಯದಿದ್ದರೆ ಒಳ್ಳೆಯದು, ತೀರಾ ತಾಜಾ ಮೊಟ್ಟೆ ಸಿಪ್ಪೆ ಬಿಡಲ್ಲ. ಕುದಿಯೋ ನೀರಲ್ಲಿ 6 ನಿಮಿಷ, ಆಮೇಲೆ ಐಸ್ ನೀರಲ್ಲಿ 10 ನಿಮಿಷ. ಐಸ್ ತಪ್ಪಿಸಬೇಡಿ, ನೀರಿಂದ ತೆಗೆದ ಮೇಲೂ ಮೊಟ್ಟೆ ತನ್ನದೇ ಕಾವಲ್ಲಿ ಬೇಯುತ್ತಲೇ ಇರುತ್ತೆ. ಇಷ್ಟು ಮೆತ್ತಗಿನ ಮೊಟ್ಟೆಯನ್ನು ನೀರೊಳಗೇ ಹಿಡಿದು ನಿಧಾನಕ್ಕೆ ಸುಲಿಯಿರಿ, ಒರೆಸಿ, ಮೈದಾದಲ್ಲಿ ಹೊರಳಿಸಿ. ಒದ್ದೆ ಮೊಟ್ಟೆಗೆ ಕೈಮಾ ಅಂಟಲ್ಲ.

ಕೈಮಾದಲ್ಲಿ ಸ್ವಲ್ಪ ಕೊಬ್ಬಿರಲಿ. ಬರೀ ಕೋಳಿ ಎದೆಯ ಕೈಮಾ ಒಣಗಿ ಬಿರುಕು ಬಿಡುತ್ತೆ. ಉಪ್ಪು ಹಾಕಿ ಅಂಟು ಬರೋವರೆಗೆ ನಾದಿ. ಇಂಗ್ಲಿಷರು ಹಂದಿ ಮಾಂಸಕ್ಕೆ ಸೇಜ್ ಎಲೆ, ಜಾಯಿಕಾಯಿ, ಮೆಣಸು ಹಾಕ್ತಾರೆ. ನೀವು ಕುರಿ ಕೈಮಾಗೆ ನಿಮ್ಮ ಮಸಾಲೆ ಹಾಕಿಕೊಳ್ಳಿ, ಹಸಿ ಈರುಳ್ಳಿ ಮಾತ್ರ ಬೇಡ. ಅದು ನೀರು ಬಿಟ್ಟು, ಆವಿಯಾಗಿ, ಪದರವನ್ನು ಒಡೆಯುತ್ತೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಕೈಮಾವನ್ನು ಒಬ್ಬಟ್ಟಿನಂತೆ ತಟ್ಟಿ, ನಡುವೆ ಮೊಟ್ಟೆ ಇಟ್ಟು, ಹಾಳೆ ಸಮೇತ ಎತ್ತಿ ಮುಚ್ಚಿ. ಸುತ್ತ ಎಲ್ಲ ಕಡೆ ಒಂದೇ ದಪ್ಪ ಇರಲಿ, ಗಾಳಿ ಉಳಿಯದಿರಲಿ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಮೈದಾ, ಕಲಕಿದ ಮೊಟ್ಟೆ, ಬ್ರೆಡ್ ಪುಡಿಯಲ್ಲಿ ಹೊರಳಿಸಿ.

ಎಣ್ಣೆ 165 ಡಿಗ್ರಿ ಇರಬೇಕು, ಉಂಡೆ ಮುಳುಗಬೇಕು. 190ಕ್ಕೆ ಏರಿದರೆ ಮೂರೇ ನಿಮಿಷಕ್ಕೆ ಆ ಹಾಳು ಹೊಂಬಣ್ಣ ಬಂದು ಮೋಸ ಮಾಡುತ್ತೆ. ತೀರಾ ಇಳಿದರೆ ಎಣ್ಣೆ ಕುಡಿಯುತ್ತೆ. ಒಂದು ಸಲಕ್ಕೆ ಎರಡೇ ಹಾಕಿ, 8 ನಿಮಿಷ ಕರಿದು, 3 ನಿಮಿಷ ಬಿಡಿ. ಥರ್ಮಾಮೀಟರಿನ ಮುಳ್ಳನ್ನು ಹಳದಿಯ ಕಡೆಗಲ್ಲ, ಓರೆಯಾಗಿ ಕೈಮಾದೊಳಗೆ, ಬಿಳಿಗೆ ತಾಗೋ ಹಾಗೆ ಚುಚ್ಚಿ. 75 ಬರದಿದ್ದರೆ 180 ಡಿಗ್ರಿ ಓವನ್ನಿನಲ್ಲಿ ಬರೋವರೆಗೆ ಇಡಿ. ಥರ್ಮಾಮೀಟರ್ ಇಲ್ಲವಾ? ಒಂದನ್ನು ಕೊಯ್ದು ನೋಡಿ. ಬಿಳಿಗೆ ಅಂಟಿದ ಕಡೆಯೂ ಕೆಂಪು ಇರಬಾರದು.

ಒಂದು ಮಿತಿಯನ್ನು ಹೇಳಲೇಬೇಕು. ಬ್ರಿಟನ್ನಿನಲ್ಲಿ ಸಿಂಹದ ಮುದ್ರೆ ಇರೋ ಮೊಟ್ಟೆಗಳ ಕೋಳಿಗಳಿಗೆ ಸಾಲ್ಮೊನೆಲ್ಲಾ ಲಸಿಕೆ ಹಾಕಿರ್ತಾರೆ. 2017ರಿಂದ ಅಲ್ಲಿನ ಆಹಾರ ಸುರಕ್ಷತಾ ಇಲಾಖೆ ಅಂಥ ಮೊಟ್ಟೆಯನ್ನು ಗರ್ಭಿಣಿಯರೂ ಮೆತ್ತಗೆ ತಿನ್ನಬಹುದು ಅಂತ ಹೇಳಿದೆ. ಊರಿನ ಅಂಗಡಿ ಮೊಟ್ಟೆಗೆ ಆ ಭರವಸೆ ಇಲ್ಲ. ಮಕ್ಕಳು, ಬಸುರಿಯರು, ವಯಸ್ಸಾದವರು ತಿನ್ನೋದಾದರೆ 9 ನಿಮಿಷ ಬೇಯಿಸಿ. ಹಳದಿ ಗಟ್ಟಿಯಾಗುತ್ತೆ, ಆದರೆ ಐಸ್ ನೀರು ಮರೆಯದಿದ್ದರೆ ಉಂಗುರ ಬರಲ್ಲ. ಗಟ್ಟಿ ಹಳದಿ ಬೇರೆ, ಕೆಟ್ಟ ಹಳದಿ ಬೇರೆ.

ಕೊನೆಗೆ ಎರಡರಲ್ಲಿ ಒಂದನ್ನು ಬಿಡಲೇಬೇಕಾದ ಹೊತ್ತು ಬಂದರೆ ಹಳದಿಯನ್ನು ಬಿಡಿ. ಹಳದಿ ಗಟ್ಟಿಯಾದರೆ ಬೇಜಾರಾಗುತ್ತೆ, ಅಷ್ಟೇ. ಕೈಮಾ ಹಸಿ ಉಳಿದರೆ ಮನೆಗೆ ಬಂದ ನೆಂಟರು ಆಸ್ಪತ್ರೆಗೆ ಹೋಗ್ತಾರೆ, ಅಲ್ಲಿ ಡಾಕ್ಟರು ಬಣ್ಣ ಹೇಗಿತ್ತು ಅಂತ ಕೇಳಲ್ಲ.