ಶನಿವಾರದ ಸೇವೆಗೆ 61 ಮಾರ್ಕ್ಸ್

ಹೋದ ವರ್ಷ ನಾವೊಂದು ತಪ್ಪು ಮಾಡಿದೆವು. ಈ ವರ್ಷ ಕ್ಯಾಂಪಸ್‌ನಲ್ಲಿ ಇನ್ನೆರಡು ಗುಂಪಿನವರು ಅದೇ ತಪ್ಪು ಮಾಡೋಕೆ ಗೂಗಲ್ ಶೀಟ್ ರೆಡಿ ಮಾಡ್ತಿದ್ದಾರೆ ಅಂತ ಗೊತ್ತಾಯ್ತು. ಅದಕ್ಕೇ ಇದನ್ನು ಬರೀತಾ ಇದ್ದೇವೆ.

ನಮ್ಮದು 22 ಜನರ ಗುಂಪು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರೇ ಹೆಚ್ಚು. ಶನಿವಾರ ಶಾಲೆ ಬಿಟ್ಟ ಮೇಲೆ ಸಿಂದಗಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋಗಿ ಹತ್ತನೇ ಕ್ಲಾಸಿನವರಿಗೆ ಗಣಿತ ಹೇಳಿಕೊಡ್ತೀವಿ. ಸಂಬಳ ಇಲ್ಲ, ಬಸ್ ಚಾರ್ಜೂ ನಮ್ಮದೇ. ವರ್ಷದ ಕೊನೆಗೆ ಯಾರು ಹೇಗೆ ಕೆಲಸ ಮಾಡಿದರು ಅಂತ ನೋಡಬೇಕಲ್ಲ, ಎಂಜಿನಿಯರಿಂಗ್ ಹುಡುಗರಿಗೆ ಹೊಳೆಯೋದು ಒಂದೇ ದಾರಿ. ಶೀಟ್ ಮಾಡಿದೆವು. ಹಾಜರಿಗೆ 40, ತಗೊಂಡ ಕ್ಲಾಸಿಗೆ 30, ಫೋಟೊ ಮತ್ತು ರಿಪೋರ್ಟ್‌ಗೆ 20, ಲೀಡರ್‌ಶಿಪ್‌ಗೆ 10. ಒಟ್ಟು ನೂರು. ರ‍್ಯಾಂಕ್ ಪ್ರಕಾರ ಹೆಸರು ಜೋಡಿಸಿ ಗ್ರೂಪಿಗೆ ಹಾಕಿದೆವು.

ಮುದ್ದೇಬಿಹಾಳ ಕಡೆಯ ತಾಂಡಾದಿಂದ ಬಂದ ನಮ್ಮ ಗೆಳೆಯನಿಗೆ 61 ಬಂತು. ಮುಂದಿನ ಶನಿವಾರ ಬಸ್ ಸ್ಟ್ಯಾಂಡಿಗೆ ಅವನು ಬರಲಿಲ್ಲ. ಫೋನ್ ಮಾಡಿದರೆ, "ನೀವು 90 ತಗೊಂಡವ್ರು ಹೋಗ್ರಿ ದೋಸ್ತ, ನಂದೇನದ ಅಲ್ಲಿ" ಅಂದ.

ಅವನದೇನಿತ್ತು ಅಂತ ನಮಗೆ ತಿಳಿದದ್ದು ಆ ಶಾಲೆಯ ಗಣಿತದ ಮೇಷ್ಟ್ರಿಂದ. ಕಬ್ಬಿನ ಸೀಸನ್ ಶುರುವಾದ ಕೂಡಲೇ ನಮ್ಮ ಕಡೆಯ ಎಷ್ಟೋ ಮನೆಯವರು ಕಟಾವಿಗೆ ಮಹಾರಾಷ್ಟ್ರಕ್ಕೆ ಹೋಗ್ತಾರೆ, ಮಕ್ಕಳನ್ನೂ ಕರ್ಕೊಂಡು. ಆ ವರ್ಷ ನಮ್ಮ ಕ್ಲಾಸಿನಲ್ಲೇ ಐದು ಮಕ್ಕಳು ಹೊರಡುವವರಿದ್ದರು. ಈ ಗೆಳೆಯ ಮೂರು ಶನಿವಾರ ಶಾಲೆಗೆ ಬರದೆ ಹತ್ತಿರದ ತಾಂಡಾಕ್ಕೆ ಹೋಗಿ, ತಾಯಂದಿರ ಜೊತೆ ಲಂಬಾಣಿಯಲ್ಲಿ ಮಾತಾಡಿದ್ದ. ಐವರಲ್ಲಿ ಮೂವರು ಅಜ್ಜಿ ಹತ್ತಿರ ಉಳಿದರು, ಪರೀಕ್ಷೆ ಬರೆದರು. ನಮ್ಮ ಶೀಟಿನಲ್ಲಿ ಆ ಮೂರೂ ಶನಿವಾರ ಅವನ ಹೆಸರಿನ ಮುಂದೆ ಆಬ್ಸೆಂಟ್. ಫೋಟೊ ಇಲ್ಲ, ರಿಪೋರ್ಟ್ ಇಲ್ಲ. ಅತಿ ಹೆಚ್ಚು ಅಂಕ ಬಂದದ್ದು ಫೋಟೊ ತೆಗೆಯುತ್ತಿದ್ದ ನಮ್ಮಲ್ಲೇ ಒಬ್ಬರಿಗೆ.

ಶೀಟಿಗೆ ಇನ್ನೊಂದು ಕಾಲಂ ಸೇರಿಸಿದರಾಯ್ತು ಅಂತ ಮೊದಲು ನಾವೂ ವಾದ ಮಾಡಿದೆವು. ಆದರೆ ಮುಂದಿನ ವರ್ಷ ಇನ್ನೊಬ್ಬರು ಇನ್ನೇನೋ ಮಾಡ್ತಾರೆ, ಅದಕ್ಕೂ ಕಾಲಂ ಇರೋದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಅಂದ್ರೆ, ಅಂಕ ಕೊಟ್ಟ ಕ್ಷಣದಿಂದ ಅದೇ ಕೂಲಿ ಆಗ್ತದೆ. ಕೂಲಿ ಅಂದಮೇಲೆ ಕಡಿಮೆ ಆಯ್ತು ಅನ್ನಿಸದೇ ಇರೋದಿಲ್ಲ.

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಇಸ್ರೇಲಿನಲ್ಲಿ ಹೈಸ್ಕೂಲು ಮಕ್ಕಳು ಮನೆಮನೆಗೆ ಹೋಗಿ ದೇಣಿಗೆ ಎತ್ತುವ ಪದ್ಧತಿ ಇದೆ. ಉರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಕೀನಿ ಎಂಬ ಅರ್ಥಶಾಸ್ತ್ರಜ್ಞರು ಅವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಕೆಲಸ ಯಾಕೆ ಮುಖ್ಯ ಅಂತ ಹೇಳಿದರು, ಅಷ್ಟೇ. ಎರಡನೆಯದಕ್ಕೆ ಎತ್ತಿದ ಹಣದ 1%, ಮೂರನೆಯದಕ್ಕೆ 10% ಕೊಡ್ತೀವಿ ಅಂದರು, ಅದೂ ದೇಣಿಗೆಯಿಂದಲ್ಲ, ತಮ್ಮ ಕೈಯಿಂದ. ಏನೂ ಕೊಡದ ಗುಂಪೇ ಎಲ್ಲರಿಗಿಂತ ಹೆಚ್ಚು ಎತ್ತಿತು. ಎಲ್ಲರಿಗಿಂತ ಕಡಿಮೆ ಎತ್ತಿದ್ದು 1% ಗುಂಪು. ಅಧ್ಯಯನ ಪ್ರಕಟವಾದದ್ದು 2000ದಲ್ಲಿ. ನಮ್ಮ 61 ಅಂಕ ಆ 1% ಥರದ್ದೇ ಅಂತ ನಮಗನ್ನಿಸ್ತದೆ.

ಹಾಗಂತ ಲೆಕ್ಕವೇ ಬೇಡ ಅಂತ ಹೇಳ್ತಿಲ್ಲ. ಎನ್ಎಸ್ಎಸ್ ಸರ್ಟಿಫಿಕೇಟಿಗೆ ಎರಡು ವರ್ಷದಲ್ಲಿ 240 ಗಂಟೆ ಮತ್ತು ಏಳು ದಿನದ ಶಿಬಿರ ಬೇಕು. ಎಐಸಿಟಿಇಯ 100 ಆ್ಯಕ್ಟಿವಿಟಿ ಪಾಯಿಂಟ್ಸ್‌ಗಾಗಿ ನಾವೆಲ್ಲ ಓಡಾಡೋದು ಗೊತ್ತಿರುವ ವಿಷಯ. ಗಂಟೆ ಬರೆದಿಡಬೇಕು. ಆದರೆ ಅದು ಎಷ್ಟು ಹೊತ್ತು ಅಂತ ಹೇಳ್ತದೆ, ಹೇಗೆ ಅಂತ ಹೇಳೋದಿಲ್ಲ. ನಾವು ಎರಡನ್ನೂ ಕೂಡಿಸಿ ಗೊಂದಲ ಮಾಡಿಕೊಂಡಿದ್ದೆವು.

ಈಗ ಹೀಗೆ ಮಾಡ್ತೀವಿ. ಗಂಟೆಯ ರಿಜಿಸ್ಟರ್ ಬೇರೆ, ಅದರಲ್ಲಿ ಅಂಕ ಇಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಪ್ರತಿಯೊಬ್ಬರೂ, ಇವತ್ತು ಇನ್ನೊಬ್ಬರು ಮಾಡಿದ್ದು ತಾವು ಕಂಡ ಒಂದು ಕೆಲಸವನ್ನು ಒಂದೇ ಸಾಲಿನಲ್ಲಿ ನೋಟ್‌ಬುಕ್ಕಿಗೆ ಬರೀಬೇಕು. "ಚೆನ್ನಾಗಿ ಮಾಡಿದ" ಅಂತ ಬರೆದರೆ ನಡೆಯೋದಿಲ್ಲ. "ಕೊನೇ ಬೆಂಚಿನ ಹುಡುಗಿಗೆ ಭಿನ್ನರಾಶಿ ರೊಟ್ಟಿ ಮುರಿದು ತೋರಿಸಿದಳು" ಅಂತ ಬರೀಬೇಕು. ತಿಂಗಳ ಕೊನೆಗೆ ಒಬ್ಬರ ಬಗ್ಗೆ ಒಂದು ಸಾಲೂ ಇಲ್ಲ ಅಂದ್ರೆ ಅವರು ಕೆಲಸ ಮಾಡಿಲ್ಲ ಅಂತ ತಕ್ಷಣ ಅಂದುಕೊಳ್ಳೋದಿಲ್ಲ, ಯಾರೂ ಆ ಕಡೆ ನೋಡಿಲ್ಲವೇನೋ ಅಂತ ಮೊದಲು ವಿಚಾರಿಸ್ತೀವಿ. ಎರಡು ಸಲ ಹಾಗೇ ಆಗಿತ್ತು.

ಸೆಮಿಸ್ಟರ್‌ಗೊಮ್ಮೆ ಒಬ್ಬೊಬ್ಬರ ಜೊತೆ 20 ನಿಮಿಷ ಕೂತು ಮಾತಾಡ್ತೀವಿ. ನಮಗೆ ಗೊತ್ತಿಲ್ಲದ್ದು ಏನು ಮಾಡಿದಿರಿ, ಯಾವುದರಿಂದ ಸುಸ್ತಾಯ್ತು, ಮುಂದೆ ಇದೇ ಕೆಲಸ ಬೇಕಾ ಬೇರೆ ಬೇಕಾ ಅಂತ ಕೇಳ್ತೀವಿ. ಆಮೇಲೆ ಅವರು ನಮ್ಮನ್ನು, ಅಂದ್ರೆ ನಡೆಸುವವರನ್ನು, ಬೈಯಬಹುದು. 22 ಜನರಿಗೆ 440 ನಿಮಿಷ ಬೇಕು. ನಾಲ್ಕು ಜನ ಹಂಚಿಕೊಂಡರೆ ಒಬ್ಬರಿಗೆ ಎರಡು ಗಂಟೆಯೂ ಆಗೋದಿಲ್ಲ. ಶೀಟ್ ಮಾಡೋಕೆ ನಮಗೆ ಇದಕ್ಕಿಂತ ಹೆಚ್ಚು ಹೊತ್ತು ಹಿಡಿದಿತ್ತು. ಮೊದಲನೇ ಪ್ರಶ್ನೆ ಆ ವರ್ಷ ಕೇಳಿದ್ದರೆ ತಾಂಡಾದ ಸುದ್ದಿ ಅವತ್ತೇ ಗೊತ್ತಾಗ್ತಿತ್ತು.

ಗುರುತಿಸೋದರಲ್ಲೂ ಎಡವಿದ್ದೇವೆ. ಬೆಸ್ಟ್ ವಾಲಂಟಿಯರ್ ಪ್ರಶಸ್ತಿ ಒಬ್ಬರಿಗೆ ಖುಷಿ, 21 ಜನರಿಗೆ ಮುನಿಸು. ಎಲ್ಲರಿಗೂ ಒಂದೇ ಒಕ್ಕಣೆಯ ಸರ್ಟಿಫಿಕೇಟ್ ಕೊಟ್ಟರೆ ಟ್ರಂಕಿನ ತಳ ಸೇರ್ತದೆ. ನಮ್ಮ ಊರ ಜಾತ್ರೆಗಳಲ್ಲಿ ದಾಸೋಹಕ್ಕೆ ಅಕ್ಕಿ ಚೀಲ ಕೊಟ್ಟವರ ಹೆಸರು ಮೈಕಿನಲ್ಲಿ ಕೂಗ್ತಾರೆ, ಆದರೆ ಮನೆಯಲ್ಲಿ ರೊಟ್ಟಿ ಬಡಿದು ಕಳಿಸಿದವರ ಹೆಸರು, ಪಾತ್ರೆ ತಿಕ್ಕಿದವರ ಹೆಸರು ಕೇಳಿಸೋದಿಲ್ಲ. ನಮ್ಮ ವೇದಿಕೆಯೂ ಹಾಗೇ ಆಗಿತ್ತು. ಈಗ ನೋಟ್‌ಬುಕ್ಕಿನ ಸಾಲನ್ನೇ ಆ ವಾರದೊಳಗೆ ಅವರಿಗೆ ಓದಿ ಹೇಳ್ತೀವಿ. ಆದರೆ ಎಲ್ಲರ ಮುಂದೆ ಹೇಳಬಹುದಾ ಅಂತ ಮೊದಲು ಕೇಳಬೇಕು. ನಮ್ಮ ಒಬ್ಬ ಗೆಳತಿಯ ಮನೆಯಲ್ಲಿ ಅವಳು ಶನಿವಾರ ಹಳ್ಳಿಗೆ ಹೋಗೋದೇ ಗೊತ್ತಿರಲಿಲ್ಲ. ನಾವು ಹೊಗಳಿ ಇನ್‌ಸ್ಟಾಗ್ರಾಂನಲ್ಲಿ ಫೋಟೊ ಹಾಕಿದ ಮೇಲೆ ಅವಳು ಎರಡು ತಿಂಗಳು ಬರೋಕಾಗಲಿಲ್ಲ.

ಇದರಲ್ಲೂ ಕೊರತೆ ಇದೆ. ಮಾತುಕತೆಯಲ್ಲಿ ಸಲಿಗೆ ಇದ್ದವರಿಗೆ ಲಾಭ ಆಗ್ತದೆ, ಅದಕ್ಕೇ ಒಂದೇ ರೂಮಿನವರು ಒಬ್ಬರನ್ನೊಬ್ಬರು ಮಾತಾಡಿಸಬಾರದು ಅಂತ ಮಾಡಿದ್ದೇವೆ. ಹುಡುಗರ ಮೇಲೆ ಕೈ ಎತ್ತಿದರೆ ಸೆಮಿಸ್ಟರ್ ಕೊನೆವರೆಗೆ ಕಾಯೋ ಪ್ರಶ್ನೆಯೇ ಇಲ್ಲ, ಅವತ್ತೇ ಹೇಳಬೇಕು, ಅವರನ್ನು ಮತ್ತೆ ಕ್ಲಾಸಿಗೆ ಕಳಿಸಬಾರದು. ಸಂಬಳ ಇಲ್ಲ ಅಂತ ಅದನ್ನು ಸಹಿಸೋದಾಗಲ್ಲ.

61ರ ಗೆಳೆಯನ ಹತ್ತಿರ ಹೋಗಿ ಕ್ಷಮೆ ಕೇಳಿದೆವು. ಗುಂಪಿಗೆ ಅವನು ವಾಪಸ್ ಬಂದಿಲ್ಲ. ಸೀಸನ್ ಶುರುವಾಗುವ ಮೊದಲು ಒಬ್ಬನೇ ತಾಂಡಾಕ್ಕೆ ಹೋಗ್ತಾನೆ, ಹೋಗೋ ಮುಂಚೆ ನಮ್ಮ ಹತ್ತಿರ ಮಕ್ಕಳ ಹೆಸರಿನ ಪಟ್ಟಿ ತಗೊಂಡು ಹೋಗ್ತಾನೆ. ಈ ವರ್ಷ ಸೇರಿದ ಜೂನಿಯರ್ಸ್ ರೆಸ್ಯೂಮೆಗೆ ಸ್ಕೋರ್ ಬೇಕು ಅಂತ ಕೇಳ್ತಿದ್ದಾರೆ. ಗಂಟೆ ಬರೆದು ಸಹಿ ಮಾಡಿ, ಅವರ ಬಗ್ಗೆ ಬರೆದ ಸಾಲುಗಳನ್ನೂ ಟೈಪ್ ಮಾಡಿ ಕೊಡ್ತೀವಿ ಅಂದಿದ್ದೇವೆ. ಅರ್ಧ ಜನ ಒಪ್ಪಿದ್ದಾರೆ.