ಹೆಬ್ಬೆಟ್ಟು ಬಾತಾಗ ಯಾವ ಚಪ್ಪಲಿ?

ಗೌಟ್ ಬಂದು ಕಾಲಿನ ಹೆಬ್ಬೆಟ್ಟಿನ ಬುಡ ಬಾತಾಗ ಎಲ್ರೂ ಹೇಳೋದು ಒಂದೇ, ‘ಮೆತ್ತನೆ ಚಪ್ಪಲಿ ಹಾಕ್ಕೊಳ್ರೀ’ ಅಂತ. ನನಗೆ ಅದು ಅರ್ಧ ಮಾತು ಅನ್ಸತ್ತೆ. ಮುಟ್ಟು ನಿಂತ ಮೇಲೆ ನಮ್ಮಂಥ ಹೆಂಗಸರಿಗೂ ಇದು ಬರೋದು ಹೆಚ್ಚು, ಅದಕ್ಕೇ ಬರೀತಿದೀನಿ.

ಭದ್ರಾವತಿಲಿ ತಂಗಿ ಮಗಳ ನಿಶ್ಚಿತಾರ್ಥ. ಮೂರು ದಿನ ಮುಂಚೆ ಬೆಟ್ಟು ಕೆಂಪಾಗಿ ಊದ್ಕೊಂಡು, ಹೊದಿಕೆ ತಾಗಿದ್ರೂ ಪ್ರಾಣ ಹೋಗೋದು. ಡಾಕ್ಟ್ರಿಗೆ ತೋರಿಸಿ, ಗುಳಿಗೆ ತಗೊಂಡು ಎರಡು ದಿನ ಕಾಲು ಮೇಲಿಟ್ಕೊಂಡು ಮಲಗಿದ್ದೆ. ಉಂಗುಷ್ಟದ ಚಪ್ಪಲಿ ಹಾಕೋ ಹಾಗೇ ಇರ್ಲಿಲ್ಲ. ಮೆತ್ತನೆ ಹವಾಯಿ ಹಾಕ್ಕೊಂಡು ಹೊರಟೆ. ಶಿವಮೊಗ್ಗ ಬಸ್ ಸ್ಟ್ಯಾಂಡಲ್ಲಿ ನಾಲ್ಕು ಹೆಜ್ಜೆಗೇ ಕಣ್ಣಲ್ಲಿ ನೀರು. ಹವಾಯಿ ಜಾರದ ಹಾಗೆ ಬೆರಳಲ್ಲಿ ಹಿಡ್ಕೋಬೇಕಲ್ಲ, ಸಾಲದ್ದಕ್ಕೆ ಅದರ ಅಟ್ಟೆ ಸರಿಯಾಗಿ ಬೆಟ್ಟಿನ ಬುಡದಲ್ಲೇ ಬಗ್ಗತ್ತೆ. ಬಾತಿರೋ ಕೀಲನ್ನ ಹೆಜ್ಜೆಹೆಜ್ಜೆಗೂ ಮಡಚಿದ ಹಾಗೆ.

ಆಟೋದಲ್ಲಿ ವಾಪಸ್ ಬಂದು ಮಗನ ಹಳೇ ಸ್ಯಾಂಡಲ್ ಹಾಕ್ಕೊಂಡೆ. ಅಗಲದ್ದು, ಮುಂದೆ ತೆರೆದಿರೋದು, ಹಿಮ್ಮಡಿ ಹಿಂದೆ ಪಟ್ಟಿ ಇರೋದು. ಮುಂದಿನ ವೆಲ್‌ಕ್ರೋ ಪಟ್ಟಿ ಪೂರ್ತಿ ಸಡಿಲ ಮಾಡಿ, ಊತದ ಮೇಲೆ ಬರದ ಹಾಗೆ ಸರಿಸಿದೆ. ಹಿಂದಿನ ಪಟ್ಟಿ ಹಿಡಿದಿದ್ರಿಂದ ಬೆರಳಿಗೆ ಕೆಲಸ ಇಲ್ಲ. ಅಟ್ಟೆ ಗಟ್ಟಿ, ಬಗ್ಗಲ್ಲ. ರೇಷ್ಮೆ ಸೀರೆಗೆ ಗಂಡಸರ ಸ್ಯಾಂಡಲ್ಲಾ ಅಂತ ಅತ್ತಿಗೆ ನಕ್ಕರು, ನಗ್ಲಿ ಬಿಡಿ. ನೋವು ಪೂರ್ತಿ ಹೋಗ್ಲಿಲ್ಲ, ಕುಂಟ್ಕೊಂಡೇ ನಡೆದೆ, ಆದ್ರೆ ನಡೆದೆ.

ಆಮೇಲೆ ಗಾಂಧಿ ಬಜಾರಲ್ಲಿ ನನ್ನ ಅಳತೆಗೇ ಒಂದು ತಗೊಂಡೆ. ಅಂಗಡಿಯವ ಒಳಗಿನ ಮೆತ್ತೆ ಒತ್ತಿ ಒತ್ತಿ ತೋರಿಸ್ತಿದ್ದ. ನಾನು ತುದಿ, ಹಿಮ್ಮಡಿ ಎರಡೂ ಹಿಡಿದು ಬಗ್ಗಿಸಿ ನೋಡಿದೆ. ಸಲೀಸಾಗಿ ಮಡಚಿದ್ದನ್ನೆಲ್ಲ ಅಲ್ಲೇ ಬಿಟ್ಟೆ.